‘ಬಾ’ ಎಂದರೆ ಅಪ್ಪ

ಜೂನ್ ತಿಂಗಳ ಮೊದಲ ವಾರ. ಒಂದನೆಯ ತರಗತಿಗೆ ಆಗಷ್ಟೇ ಸೇರಿದ್ದ ಹುಡುಗ ಹೊಸ್ತಿಲ ಹೊರಗೇ ನಿಂತಿದ್ದ. ನಾನು ಕೈಚಾಚಿ ‘ಬಾ, ಬಾ’ ಎಂದು ಕರೆದೆ. ಅವನು ಹಿಂದಕ್ಕೆ ತಿರುಗಿ ರಸ್ತೆಯ ಕಡೆ ನೋಡಿದ. ಮತ್ತೆ ಕರೆದೆ. ಮತ್ತೆ ತಿರುಗಿ ನೋಡಿದ. ಈ ಸಲ ಕಣ್ಣು ತುಂಬಿಕೊಂಡಿತ್ತು. ಮೂರನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ಹೋಗಿ ಅವನ ಕೈ ಹಿಡಿದು ‘ಆ’ ಎಂದಳು. ಅವನು ಸುಮ್ಮನೆ ಒಳಗೆ ಬಂದ. ಆಮೇಲೆ ಅವಳೇ ನನ್ನ ಬಳಿ ಬಂದು ಹೇಳಿದಳು: ‘ಅಕ್ಕೋರೆ, ನಮ್ಮಲ್ಲಿ ಬಾ ಎಂದರೆ ಅಪ್ಪ. ಅವರಪ್ಪ ಬಿಟ್ಟು ಹೋದರಲ್ಲ, ಅದಕ್ಕೇ ಅಳುತ್ತಿದ್ದಾನೆ.’

ನಾನು ವಿಜಯಪುರ ಜಿಲ್ಲೆಯ ಒಂದು ತಾಂಡಾದ ಅಂಚಿನಲ್ಲಿರುವ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಆ ವರ್ಷ ಇಪ್ಪತ್ಮೂರು ಮಕ್ಕಳಿದ್ದರು. ಹದಿನೈದು ಮಕ್ಕಳ ಮನೆಮಾತು ಲಂಬಾಣಿ; ಅವರ ಬಾಯಲ್ಲೇ ಹೇಳುವುದಾದರೆ ಗೋರ್‌ಮಾಟಿ. ಆರು ಮಕ್ಕಳು ಪಕ್ಕದ ಊರಿನಿಂದ ಬರುವ ಕನ್ನಡದವರು. ಇಬ್ಬರ ಮನೆಯಲ್ಲಿ ದಖನಿ ಉರ್ದು. ನನ್ನದು ಕನ್ನಡ, ಪುಸ್ತಕದ್ದೂ ಕನ್ನಡ. ಹಾಗಿದ್ದೂ ‘ಬಾ’ ಎಂಬ ಮಾತು ಅಲ್ಲಿ ಹೆಚ್ಚು ಜನರಿಗೆ ಅಪ್ಪ ಎಂದೇ ಕೇಳಿಸುತ್ತದೆ ಎಂಬುದು ನನಗೆ ಗೊತ್ತಾಗಲು ಅಷ್ಟು ವರ್ಷ ಬೇಕಾಯಿತು.

ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಾತೃಭಾಷೆ ಎಂಬ ಕಲಂ ಇರುತ್ತದೆ. ಅದರಲ್ಲಿ ನಾನು ವರ್ಷಗಟ್ಟಲೆ ಎಲ್ಲರಿಗೂ ‘ಕನ್ನಡ’ ಎಂದೇ ಬರೆದಿದ್ದೇನೆ. ತಂದೆತಾಯಿ ನನ್ನೊಡನೆ ಕನ್ನಡದಲ್ಲಿ ಮಾತನಾಡುತ್ತಿದ್ದರು, ಕೇಳುವ ಅಗತ್ಯ ನನಗೆ ಕಾಣಿಸಲಿಲ್ಲ. ಜನಗಣತಿಯ ಪುಸ್ತಕದಲ್ಲೂ ಲಂಬಾಣಿ ಪ್ರತ್ಯೇಕ ಭಾಷೆಯಲ್ಲ, ಅದನ್ನು ಹಿಂದಿಯ ಕೆಳಗೆ ಸೇರಿಸಿ ಎಣಿಸಲಾಗಿದೆ. ಬರಹದಲ್ಲಿ ಒಂದು ಭಾಷೆ ಇಲ್ಲವಾದರೆ ಆ ಭಾಷೆಯ ಮಗುವಿನ ತೊಂದರೆಯೂ ಬರಹದಲ್ಲಿ ಇಲ್ಲವಾಗುತ್ತದೆ. ಮಗು ಕಲಿಯದಿದ್ದಾಗ ನಾವು ಮಗುವನ್ನೇ ‘ನಿಧಾನ’ ಎಂದು ಬರೆದುಕೊಳ್ಳುತ್ತೇವೆ.

ನನ್ನ ಕಣ್ಣು ತೆರೆಸಿದ್ದು ಮಾತ್ರ ನಿಧಾನದ ಮಗುವಲ್ಲ, ಚುರುಕಿನ ಮಗು. ಆ ಮೂರನೆಯ ತರಗತಿಯ ಹುಡುಗಿಯೇ. ನನ್ನ ಕೋಣೆಯಲ್ಲಿ ಅವಳಷ್ಟು ಸರಾಗವಾಗಿ ಓದುವವರು ಬೇರೆ ಯಾರೂ ಇರಲಿಲ್ಲ. ಒತ್ತಕ್ಷರಕ್ಕೂ ತಡವರಿಸುತ್ತಿರಲಿಲ್ಲ. ಅಧಿಕಾರಿಗಳು ಭೇಟಿಗೆ ಬಂದಾಗ ನಾನು ಮೊದಲು ಎಬ್ಬಿಸುತ್ತಿದ್ದುದು ಅವಳನ್ನೇ. ಒಂದು ದಿನ ಮಕ್ಕಳನ್ನು ನಗಿಸೋಣವೆಂದು ಕಪ್ಪುಹಲಗೆಯ ಮೇಲೆ ‘ಎಮ್ಮೆ ರೊಟ್ಟಿ ಬಡಿಯಿತು. ಮೀನು ಗಿಡ ಹತ್ತಿತು’ ಎಂದು ಬರೆದೆ. ಕನ್ನಡದ ಮಕ್ಕಳು ಓದು ಮುಗಿಯುವ ಮೊದಲೇ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದರು. ಅವಳು ಎದ್ದು ನಿಂತು, ಎರಡೂ ಸಾಲನ್ನು ಒಂದು ತಪ್ಪಿಲ್ಲದೆ ಓದಿ, ಕೈ ಕಟ್ಟಿಕೊಂಡು ನನ್ನ ಶಹಬ್ಬಾಸಿಗೆ ಕಾಯುತ್ತಾ ನಿಂತಳು. ಮುಖದಲ್ಲಿ ನಗುವಿನ ಎಳೆಯೂ ಇರಲಿಲ್ಲ. ‘ಎಮ್ಮೆ ಏನು ಬಡಿಯಿತು?’ ಎಂದು ಕೇಳಿದೆ. ‘ರೊಟ್ಟಿ ಬಡಿಯಿತು’ ಎಂದಳು. ಸರಿಯಾದ ಉತ್ತರ. ಪರೀಕ್ಷೆಯಲ್ಲಾದರೆ ಪೂರ್ಣ ಅಂಕ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅವಳು ಓದಿದ್ದು ಏನನ್ನು?

ಕನ್ನಡದ ಲಿಪಿಯ ಗುಣವೇ ಇಲ್ಲಿ ನಮ್ಮನ್ನು ಮೋಸಗೊಳಿಸುತ್ತದೆ. ನಮ್ಮಲ್ಲಿ ಬರೆದಂತೆ ಓದು, ಓದಿದಂತೆ ಬರಹ. ಅಕ್ಷರ, ಕಾಗುಣಿತ, ಒತ್ತು ಇಷ್ಟು ಕೈವಶವಾದರೆ ಅರ್ಥದ ಹಂಗಿಲ್ಲದೆ ಇಡೀ ಪುಟವನ್ನು ಉಚ್ಚರಿಸಿಬಿಡಬಹುದು. ಇಂಗ್ಲಿಷಿನಲ್ಲಿ ಪದ ಗೊತ್ತಿಲ್ಲದ ಮಗು ಓದುವಾಗಲೇ ಎಡವುತ್ತದೆ, ಕೇಳುತ್ತಿರುವವರಿಗೆ ತಕ್ಷಣ ತಿಳಿಯುತ್ತದೆ. ಕನ್ನಡದಲ್ಲಿ ಎಡವುವುದೇ ಇಲ್ಲ. ಅದರ ಮೇಲೆ ನಾವು ಕೇಳುವ ಪ್ರಶ್ನೆಗಳೂ ಪಾಠದ ವಾಕ್ಯವನ್ನೇ ತಿರುಗಿಸಿದಂಥವು. ‘ಎಮ್ಮೆ’, ‘ಬಡಿಯಿತು’ ಎಂಬೆರಡು ಗುರುತುಗಳನ್ನು ಹಿಡಿದು, ಅವುಗಳ ನಡುವೆ ಬಿಟ್ಟುಹೋದ ಪದವನ್ನು ಎತ್ತಿಕೊಟ್ಟರೆ ಉತ್ತರವಾಗುತ್ತದೆ. ಅವಳು ಬುದ್ಧಿವಂತೆ, ಆ ಕೀಲನ್ನು ಕಂಡುಕೊಂಡಿದ್ದಳು. ಇಂಥ ಮಕ್ಕಳು ಮೂರನೆಯ ತರಗತಿಯವರೆಗೆ ಮುಂದಿನ ಸಾಲಿನಲ್ಲಿರುತ್ತಾರೆ. ನಾಲ್ಕನೆಯದರಲ್ಲಿ ಪರಿಸರ ಅಧ್ಯಯನದ ಪುಸ್ತಕ ಕೈಗೆ ಬಂದು, ಪಾಠವೆಂದರೆ ಪುಟಗಟ್ಟಲೆ ವಿವರಣೆ ಎಂದಾದಾಗ ಒಮ್ಮೆಲೇ ಕುಸಿಯುತ್ತಾರೆ. ‘ಚೆನ್ನಾಗಿ ಓದುತ್ತಿದ್ದವಳು ಏಕೋ ಹಿಂದೆ ಬಿದ್ದಳು’ ಎಂದು ನಾವು ಅಚ್ಚರಿಪಡುತ್ತೇವೆ. ಅವಳು ಅಲ್ಲಿ ಹಿಂದೆ ಬಿದ್ದಿರುವುದಿಲ್ಲ. ಮೊದಲಿನಿಂದಲೂ ಅರ್ಥದ ಹೊರಗೇ ಇದ್ದಳು, ಅಲ್ಲಿಯವರೆಗೆ ನಮಗೆ ಕಂಡಿರುವುದಿಲ್ಲ, ಅಷ್ಟೇ.

ಅಂದಿನಿಂದ ನಾನು ಓದನ್ನು ಪರೀಕ್ಷಿಸುವ ಬಗೆಯನ್ನೇ ಬದಲಿಸಿಕೊಂಡೆ. ತಿಂಗಳಿಗೊಮ್ಮೆ ಒಂದು ಅಸಂಬದ್ಧ ವಾಕ್ಯ ಬರೆಯುತ್ತೇನೆ, ಯಾರು ನಗುತ್ತಾರೆ ಎಂದು ನೋಡುತ್ತೇನೆ. ಇನ್ನೊಂದು, ಚೀಟಿಗಳು. ‘ನಿನ್ನ ಚೀಲವನ್ನು ಕಿಟಕಿಯ ಕೆಳಗೆ ಇಡು’, ‘ಎರಡು ಕಲ್ಲು ತಂದು ಒಂದನ್ನು ಗೆಳತಿಗೆ ಕೊಡು’ ಎಂದು ಬರೆದ ಚೀಟಿಯನ್ನು ಮಗುವಿಗೆ ಕೊಡುತ್ತೇನೆ. ಗಟ್ಟಿಯಾಗಿ ಓದುವಂತಿಲ್ಲ, ಓದಿ ಮಾಡಿ ತೋರಿಸಬೇಕು. ಮೊದಲ ಸಲ ಹೀಗೆ ಮಾಡಿದಾಗ ಆ ಹುಡುಗಿ ಚೀಟಿಯನ್ನು ಹಿಡಿದು ಸುಮಾರು ಹೊತ್ತು ನಿಂತಿದ್ದಳು. ಆಮೇಲೆ ಚೀಲವನ್ನು ತಂದು ನನ್ನ ಕೈಗೆ ಕೊಟ್ಟಳು. ‘ಚೀಲ’, ‘ಇಡು’ ತಿಳಿದಿತ್ತು. ‘ಕೆಳಗೆ’ ತಿಳಿದಿರಲಿಲ್ಲ. ಮೂರು ವರ್ಷ ಕನ್ನಡ ಓದಿದ ಮಗುವಿಗೆ ‘ಕೆಳಗೆ’ ಗೊತ್ತಿಲ್ಲವೆಂಬುದನ್ನು ನಾನು ಅಂದು ತಿಳಿದೆ.

ಇಲ್ಲಿ ನಲಿಕಲಿಯ ಮಾತು ಹೇಳಬೇಕು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿದ ಈ ಪದ್ಧತಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅ, ಆ, ಇ, ಈ ಎಂದು ವರ್ಣಮಾಲೆಯ ಸಾಲು ಹಿಡಿಯದೆ, ಬರೆಯಲು ಸುಲಭವಾದ ಮತ್ತು ಬೇಗ ಪದವಾಗುವ ಅಕ್ಷರಗಳಿಂದ ಅದು ಆರಂಭವಾಗುತ್ತದೆ. ಮೊದಲ ಗುಂಪು ರ, ಗ, ಸ, ದ, ಅ. ಎರಡನೆಯದು ಜ, ವ, ಮ, ಬ, ನ. ಐದು ಅಕ್ಷರ ಕಲಿತ ಮಗು ಅರಸ, ಅಗಸ, ಸರ, ಗರಗಸ ಎಂದು ಓದತೊಡಗುತ್ತದೆ. ಕನ್ನಡದ ಮನೆಯಿಂದ ಬಂದ ಮಗುವಿಗೆ ಇದು ದೊಡ್ಡ ಸಂತಸ. ಕಥೆಯಲ್ಲಿ ಕೇಳಿದ ಅರಸ ಕಣ್ಣೆದುರು ಬಂದು ನಿಲ್ಲುತ್ತಾನೆ. ನನ್ನ ಹದಿನೈದು ಮಕ್ಕಳಿಗೆ ಅರಸ, ಅಗಸ, ಗರಗಸ ಮೂರೂ ಬರಿಯ ಸದ್ದು. ಬೇಗ ಪದವಾಗಬೇಕೆಂಬುದೇ ಆ ಕ್ರಮದ ಜೀವಾಳ; ಪದಕ್ಕೆ ಅರ್ಥವಿಲ್ಲವಾದರೆ ಆ ಜೀವಾಳವೇ ಹೋಯಿತು.

ಕ್ರಮವನ್ನು ಬಿಡುವ ಅಧಿಕಾರ ನನಗಿಲ್ಲ, ಬಿಡಬೇಕೆಂದೂ ಅನ್ನಿಸಲಿಲ್ಲ. ಅದರ ಪಕ್ಕಕ್ಕೆ ಇನ್ನೊಂದು ದಾರಿ ಹಾಕಿಕೊಂಡೆ. ಪ್ರಾರ್ಥನೆಯ ನಂತರದ ಮೊದಲ ನಲವತ್ತು ನಿಮಿಷ ಅದಕ್ಕೆ. ಮೊದಲ ಇಪ್ಪತ್ತು ನಿಮಿಷ ಅಕ್ಷರವೇ ಇಲ್ಲ, ಬರೀ ಕನ್ನಡದ ಮಾತು. ಕಲ್ಲು, ಕೋಲು, ಬಟ್ಟಲು, ನೀರು ಇಟ್ಟುಕೊಂಡು ಮೇಲೆ, ಕೆಳಗೆ, ಒಳಗೆ, ಹಿಂದೆ, ತಾ, ಕೊಡು, ತೆಗೆ, ಮುಚ್ಚು ಎಂದು ಮಾಡಿಸುವುದು. ಉಳಿದ ಇಪ್ಪತ್ತು ನಿಮಿಷ ಮಕ್ಕಳು ತಮ್ಮ ಮನೆಮಾತಿನಲ್ಲಿ ಹೇಳಿದ್ದನ್ನು ನಾನು ಕನ್ನಡ ಲಿಪಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆಯುವುದು. ಲಂಬಾಣಿಗೆ ಎಲ್ಲ ಕಡೆಯೂ ನಡೆಯುವ ಒಂದೇ ಲಿಪಿ ಇಲ್ಲ. ಕರ್ನಾಟಕದಲ್ಲಿ ಕನ್ನಡದಲ್ಲಿ, ಮಹಾರಾಷ್ಟ್ರದಲ್ಲಿ ದೇವನಾಗರಿಯಲ್ಲಿ, ತೆಲಂಗಾಣದಲ್ಲಿ ತೆಲುಗಿನಲ್ಲಿ ಬರೆಯುತ್ತಾರೆ. ಆದ್ದರಿಂದ ನನ್ನ ಮಕ್ಕಳು ತಮ್ಮ ಮಾತನ್ನು ಬರೆಯಲು ಕಲಿಯುವ ಅಕ್ಷರವೂ ಕನ್ನಡ ಓದಲು ಬೇಕಾದ ಅಕ್ಷರವೂ ಒಂದೇ. ಒಮ್ಮೆ ಕಲಿತರೆ ಎರಡಕ್ಕೂ ಆಯಿತು. ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಯಾವುದಿದೆ?

ಮಾತು ಕಲಿಸಿಕೊಟ್ಟವರು ನಮ್ಮ ಬಿಸಿಯೂಟದ ಅಡುಗೆಯವರು. ಅವರೂ ತಾಂಡಾದವರೇ. ಒಲೆಯ ಮುಂದೆ ಕೂತು ನಾನು ಒಂದು ವಹಿ ತುಂಬಾ ಬರೆದುಕೊಂಡೆ: ಯಾಡಿ ಎಂದರೆ ಅವ್ವ, ಬಾ ಎಂದರೆ ಅಪ್ಪ, ಪಾಣಿ ಎಂದರೆ ನೀರು, ಬಾಟಿ ಎಂದರೆ ರೊಟ್ಟಿ, ಘರ್ ಎಂದರೆ ಮನೆ, ಝಾಡ್ ಎಂದರೆ ಗಿಡ, ಹಾತ್ ಎಂದರೆ ಕೈ. ನಾನು ಉಚ್ಚರಿಸಿದಾಗ ಅವರು ತಿದ್ದುತ್ತಿದ್ದರು. ‘ಗರ್ ಅಲ್ಲ ಅಕ್ಕೋರೆ, ಘರ್’ ಎಂದು ಎದೆಯಿಂದ ಉಸಿರು ತಳ್ಳಿ ತೋರಿಸಿದ್ದು ಈಗಲೂ ಕಿವಿಯಲ್ಲಿದೆ.

ಆ ಉಸಿರಿನಲ್ಲೇ ನನಗೆ ಒಂದು ದೊಡ್ಡ ವಿಷಯ ಸಿಕ್ಕಿತು. ಮಹಾಪ್ರಾಣ ನಮ್ಮ ಕಡೆಯ ಕನ್ನಡದ ಮಕ್ಕಳಿಗೆ ಪ್ರತಿವರ್ಷದ ತಲೆನೋವು. ಮನೆಯ ಮಾತಿನಲ್ಲಿ ಅದು ಹೆಚ್ಚು ಕೇಳಿಬರುವುದಿಲ್ಲ. ‘ಧನ’ ‘ದನ’ ಎರಡೂ ಅವರ ಕಿವಿಗೆ ಒಂದೇ. ಎಷ್ಟು ಸಲ ಬರೆಸಿದರೂ ಹೊಟ್ಟೆ ಸೀಳುವುದನ್ನು ಮರೆಯುತ್ತಾರೆ. ಲಂಬಾಣಿ ಮಕ್ಕಳಿಗೆ ಅದು ಹುಟ್ಟಿದಾಗಿನಿಂದ ಬಾಯಲ್ಲಿದೆ. ಘರ್, ಝಾಡ್, ಛೋರಿ, ಘೋಡೋ. ನಾನು ‘ಘ’ ಅಕ್ಷರವನ್ನು ‘ಘರ್’ ಎಂಬ ಪದದಿಂದ ಕಲಿಸಿದ ದಿನ ಲಂಬಾಣಿ ಮಕ್ಕಳು ಒಂದೇ ಪಾಠಕ್ಕೆ ಹಿಡಿದರು. ಕನ್ನಡದ ಹುಡುಗನೊಬ್ಬ ‘ಗರ್’ ಎಂದು ಬರೆದಾಗ ಪಕ್ಕದ ಲಂಬಾಣಿ ಹುಡುಗಿ ಅವನ ಅಂಗೈಯನ್ನು ತನ್ನ ಬಾಯಿಯ ಮುಂದೆ ಹಿಡಿದು ‘ಘ’ ಎಂದಳು. ‘ಗಾಳಿ ಬಂತೇ? ಬಂದರೆ ಇದು, ಬರದಿದ್ದರೆ ಅದು’ ಎಂದಳು. ಇಷ್ಟು ವರ್ಷ ‘ಹಿಂದುಳಿದವರು’ ಎಂದು ನಾನು ಗುರುತು ಹಾಕಿಟ್ಟಿದ್ದ ಮಕ್ಕಳು ಅಂದು ಗುರುಗಳಾದರು. ಈ ಕ್ರಮದಲ್ಲಿ ಮಹಾಪ್ರಾಣವನ್ನು ಕೊನೆಗೆ ಇಡಬೇಕಾದ ಅಗತ್ಯವೇ ಇಲ್ಲ. ಲಂಬಾಣಿ ಮಕ್ಕಳಿಗೆ ಅದು ಮೊದಲೇ ಬರಲಿ ಎಂಬುದು ನನ್ನ ಅಭಿಪ್ರಾಯ.

ಎಲ್ಲವೂ ಹೀಗೆ ಸಲೀಸಾಗಿ ಬರಲಿಲ್ಲ. ಘರ್, ಹಾತ್, ಝಾಡ್ ಎಲ್ಲ ವ್ಯಂಜನದಲ್ಲೇ ನಿಲ್ಲುವ ಪದಗಳು. ಕನ್ನಡದ ಪದ ಹಾಗೆ ನಿಲ್ಲುವುದು ವಿರಳ, ಕೊನೆಗೆ ಒಂದು ಸ್ವರ ಇದ್ದೇ ಇರುತ್ತದೆ. ಮಕ್ಕಳು ತಮ್ಮ ಅಭ್ಯಾಸದಂತೆ ‘ಮರ’ವನ್ನು ‘ಮರ್’ ಎಂದೂ ‘ಸರ’ವನ್ನು ‘ಸರ್’ ಎಂದೂ ಓದುತ್ತಿದ್ದರು. ಆರಂಭದಲ್ಲಿ ನಾನು ಒಂದು ತಪ್ಪು ಮಾಡಿದೆ. ಅರ್ಧಾಕ್ಷರ ಕಷ್ಟವಾದೀತೆಂದು ‘ಘರ’, ‘ಹಾತ’ ಎಂದು ಬರೆದು ‘ಘರ್’, ‘ಹಾತ್’ ಎಂದು ಓದಿಸಿದೆ. ಎರಡೇ ವಾರದಲ್ಲಿ ಕನ್ನಡದ ಪದಗಳ ಬಾಲವೆಲ್ಲ ಉದುರಿಹೋಯಿತು. ಅಳಿಸಿ ಮತ್ತೆ ಆರಂಭಿಸಿದೆ. ಮೊದಲ ದಿನದಿಂದಲೇ ‘ರ್’, ‘ತ್’ ಬರೆದೆ. ಆ ಗುರುತಿಗೆ ಮಕ್ಕಳೇ ‘ಬೀಗ’ ಎಂದು ಹೆಸರಿಟ್ಟರು. ಬೀಗ ಹಾಕಿದ್ದರೆ ಸದ್ದು ಅಲ್ಲಿಗೇ ನಿಲ್ಲುತ್ತದೆ, ಬೀಗ ಇಲ್ಲದಿದ್ದರೆ ಬಾಯಿ ತೆರೆಯಬೇಕು. ಇದರಿಂದ ಮುಂದೆ ನಾನು ಎಣಿಸಿರದ ಒಂದು ಲಾಭ ಬಂತು. ಒತ್ತಕ್ಷರದ ಪಾಠಕ್ಕೆ ಬಂದಾಗ ‘ತ್’ಗೆ ‘ತ’ ಸೇರಿದರೆ ‘ತ್ತ’ ಎಂಬುದನ್ನು ವಿವರಿಸಬೇಕಾಗಲಿಲ್ಲ. ಬೀಗ ಹಾಕಿದ ಅಕ್ಷರ ಅವರಿಗೆ ಆಗಲೇ ಹಳೆಯ ಪರಿಚಯ.

ಇನ್ನೊಂದು ತೊಡಕು ಕಿವಿಯದು. ಕನ್ನಡದಲ್ಲಿ ಎ ಮತ್ತು ಏ, ಒ ಮತ್ತು ಓ ಬೇರೆ ಬೇರೆ. ನನ್ನ ಲಂಬಾಣಿ ಮಕ್ಕಳಿಗೆ ಆ ಗಿಡ್ಡ-ಉದ್ದದ ಭೇದ ಹಿಡಿಯುವುದು ಕಷ್ಟ. ‘ಬೆಳೆ’ ಮತ್ತು ‘ಬೇಳೆ’ಯನ್ನು ಒಂದೇ ರೀತಿ ಬರೆಯುತ್ತಾರೆ, ‘ಕೊಡು’ ಮತ್ತು ‘ಕೋಡು’ ಕೂಡ ಹಾಗೆಯೇ. ಮೊದಲೆಲ್ಲ ನಾನು ಇದನ್ನು ಕಾಗುಣಿತದ ತಪ್ಪು ಎಂದು ತಿಳಿದು ಹತ್ತು ಸಲ ಬರೆದು ತರಲು ಹೇಳುತ್ತಿದ್ದೆ. ಬರೆದು ತರುತ್ತಿದ್ದರು, ಮರುದಿನ ಮತ್ತೆ ತಪ್ಪುತ್ತಿದ್ದರು. ತಪ್ಪು ಕೈಯದೋ ಕಿವಿಯದೋ ಎಂದು ತಿಳಿಯುವ ಉಪಾಯ ಸುಲಭವಾದದ್ದು. ಮೇಜಿನ ಒಂದು ಕಡೆ ಜೋಳದ ತೆನೆ, ಇನ್ನೊಂದು ಕಡೆ ಹಿಡಿ ತೊಗರಿ ಬೇಳೆ. ನಾನು ಬಾಯಿಗೆ ಪುಸ್ತಕ ಅಡ್ಡ ಹಿಡಿದು ಹತ್ತು ಸಲ, ಮನಬಂದ ಕ್ರಮದಲ್ಲಿ, ‘ಬೆಳೆ’ ಅಥವಾ ‘ಬೇಳೆ’ ಎನ್ನುತ್ತೇನೆ. ಮಗು ಮುಟ್ಟಿ ತೋರಿಸಬೇಕು. ಒಂಬತ್ತು ಸರಿಯಾದರೆ ಕಿವಿ ಸರಿಯಿದೆ, ಬರಹವನ್ನು ತಿದ್ದಬಹುದು. ಐದು-ಆರು ಸರಿಯಾದರೆ ಅದು ಊಹೆ. ಊಹಿಸುತ್ತಿರುವ ಮಗುವಿಗೆ ಕೆಂಪು ಶಾಯಿಯಿಂದ ಏನೂ ಆಗದು. ಮೊದಲು ಕೇಳಿಸಬೇಕು. ಗಿಡ್ಡ ಸ್ವರಕ್ಕೆ ಒಂದು ಚಪ್ಪಾಳೆ, ಉದ್ದ ಸ್ವರಕ್ಕೆ ಎರಡೂ ಕೈ ಅಗಲಿಸುವುದು, ಹೀಗೆ ದಿನಕ್ಕೆ ಐದು ನಿಮಿಷ. ಹೆಚ್ಚಿನವರಿಗೆ ಒಂದೂವರೆ ತಿಂಗಳು ಹಿಡಿಯಿತು. ಇಬ್ಬರಿಗೆ ವರ್ಷ ಮುಗಿದರೂ ಬರಲಿಲ್ಲ.

ಕಾಲದ ಲೆಕ್ಕ ಹಾಕುವಾಗ ಇದನ್ನೂ ನೆನಪಿಡಬೇಕು. ಕನ್ನಡದ ಅಕ್ಷರ, ಕಾಗುಣಿತ, ಒತ್ತು ಎಲ್ಲ ಸೇರಿದರೆ ನೂರಾರು ರೂಪಗಳು. ಕನ್ನಡದ ಮಕ್ಕಳಿಗೂ ಅವೆಲ್ಲ ಒಂದೇ ವರ್ಷದಲ್ಲಿ ಬರುವುದಿಲ್ಲ, ಮೂರು-ನಾಲ್ಕನೆಯ ತರಗತಿಯವರೆಗೂ ಆ ಕಲಿಕೆ ನಡೆದೇ ಇರುತ್ತದೆ. ಅಕ್ಷರದ ಭಾರವನ್ನೂ ಹೊಸ ಭಾಷೆಯ ಭಾರವನ್ನೂ ಒಂದೇ ತಲೆಯ ಮೇಲೆ ಒಂದೇ ದಿನ ಹೊರಿಸಿದರೆ ಯಾವುದರಿಂದ ಮಗು ಕುಸಿಯಿತು ಎಂಬುದೇ ತಿಳಿಯುವುದಿಲ್ಲ. ಗೊತ್ತಿರುವ ಮಾತಿನಲ್ಲಿ ಅಕ್ಷರ, ಗೊತ್ತಿಲ್ಲದ ಮಾತಿನಲ್ಲಿ ಆಟ ಮತ್ತು ಸಂಭಾಷಣೆ, ಹೀಗೆ ಭಾರವನ್ನು ಬಿಡಿಸಿ ಇಟ್ಟರೆ ಎರಡೂ ಸಾಗುತ್ತವೆ.

ಬರವಣಿಗೆಯ ಕಡೆಗೆ ಬರೋಣ. ಮೊದಲ ದಿನ ಹೊಸ್ತಿಲಲ್ಲಿ ಅತ್ತ ಹುಡುಗ ಎರಡನೆಯ ತರಗತಿಗೆ ಬಂದಿದ್ದ. ಒಂದು ಸೋಮವಾರ ‘ನಿನ್ನೆ ಮನೆಯಲ್ಲಿ ಏನಾಯಿತು ಹೇಳು’ ಎಂದಾಗ ಅವನು ಹೇಳಿದ ಮೂರು ವಾಕ್ಯಗಳನ್ನು ಹಾಗೆಯೇ ಬರೆದೆ: ‘ಯಾಡಿ ಆಯಿ. ಪಾಣಿ ಲಾಯಿ. ಬಾ ಆಯೋ ಕೋನಿ.’ ಅವ್ವ ಬಂದಳು, ನೀರು ತಂದಳು, ಅಪ್ಪ ಬರಲಿಲ್ಲ. ಅವನ ಅಪ್ಪ ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ತಾನು ಆಡಿದ ಮಾತು ಕಪ್ಪುಹಲಗೆಯ ಮೇಲೆ ನಿಂತಿರುವುದನ್ನು ಅವನು ಬಹಳ ಹೊತ್ತು ನೋಡಿದ. ಆಮೇಲೆ ಬೆರಳಿಟ್ಟು ಓದಿದ. ಓದಿದ ಎಂದರೆ ನಿಜವಾಗಿ ಓದಿದ. ಮೂರನೆಯ ವಾಕ್ಯಕ್ಕೆ ಬಂದಾಗ ಅವನ ದನಿ ಸಣ್ಣಗಾಯಿತು. ಎರಡು ವರ್ಷದಲ್ಲಿ ಅವನ ಓದಿನಲ್ಲಿ ದನಿ ಬದಲಾದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅದೇ ಮೂರು ವಾಕ್ಯಗಳನ್ನು ಕನ್ನಡದಲ್ಲಿ ಬರೆಯಲು ಕೂಡಿಸಿದೆ. ಅವನು ಬರೆದದ್ದು: ‘ಅವ್ವ ಬಂದಳು. ನೀರು ತಂದಳು. ಅಪ್ಪ ಬಂದನು ಇಲ್ಲ.’ ಹಿಂದಿನ ನಾನಾಗಿದ್ದರೆ ‘ಬಂದನು ಇಲ್ಲ’ ಎಂಬುದಕ್ಕೆ ಕೆಂಪು ಗೆರೆ ಎಳೆದು ಮೇಲೆ ‘ಬರಲಿಲ್ಲ’ ಎಂದು ಬರೆದು ಮುಂದೆ ಹೋಗುತ್ತಿದ್ದೆ. ಈಗ ಎರಡು ವಾಕ್ಯವೂ ಮೇಲೆ-ಕೆಳಗೆ ಇರುವುದರಿಂದ ತಪ್ಪಿನ ಬೇರು ಕಾಣುತ್ತಿತ್ತು. ಲಂಬಾಣಿಯಲ್ಲಿ ‘ಆಯೋ’ ಎಂದರೆ ಬಂದನು, ಅದರ ಮುಂದೆ ‘ಕೋನಿ’ ಇಟ್ಟರೆ ನಿಷೇಧವಾಯಿತು, ಕ್ರಿಯಾಪದ ಇದ್ದಂತೆಯೇ ಇರುತ್ತದೆ. ಕನ್ನಡದಲ್ಲಿ ‘ಇಲ್ಲ’ ಬಂದು ಸೇರಿದೊಡನೆ ಕ್ರಿಯಾಪದವೇ ತನ್ನ ರೂಪ ಬದಲಿಸಿಕೊಳ್ಳುತ್ತದೆ. ಹುಡುಗ ತನಗೆ ಗೊತ್ತಿರುವ ನಿಯಮವನ್ನು ಗೊತ್ತಿಲ್ಲದ ಕಡೆ ನಿಷ್ಠೆಯಿಂದ ಪಾಲಿಸಿದ್ದ. ಅವನಿಗೆ ಬೇಕಾಗಿದ್ದುದು ಜೋಡಿಗಳು. ಬಂದನು–ಬರಲಿಲ್ಲ, ತಂದನು–ತರಲಿಲ್ಲ, ತಿಂದನು–ತಿನ್ನಲಿಲ್ಲ, ಹೋದನು–ಹೋಗಲಿಲ್ಲ. ಒಂದು ವಾರ ಆಡುತ್ತಾ ಆಡುತ್ತಾ ಹೇಳಿಸಿದೆ. ಒಬ್ಬ ಮಾಡುವುದು, ಇನ್ನೊಬ್ಬ ಮಾಡದೆ ನಿಲ್ಲುವುದು, ಮೂರನೆಯವನು ಇಬ್ಬರ ಬಗ್ಗೆಯೂ ಹೇಳುವುದು. ಶನಿವಾರ ಅವನು ತಾನಾಗಿಯೇ ‘ಅಪ್ಪ ಬರಲಿಲ್ಲ’ ಎಂದು ಬರೆದ.

‘ಗಾಡಿ ಬಂದಳು’, ‘ಗಿಡ ಬಿದ್ದನು’ ಎಂಬ ವಾಕ್ಯಗಳಿಗೂ ಇಂಥದೇ ಬೇರಿದೆ. ಲಂಬಾಣಿಯಲ್ಲಿ ಜೀವವಿಲ್ಲದ ವಸ್ತುವೂ ಗಂಡು ಇಲ್ಲವೇ ಹೆಣ್ಣು. ಗಾಡಿ ಬಂದರೂ ‘ಆಯಿ’, ಅವ್ವ ಬಂದರೂ ‘ಆಯಿ’. ಕನ್ನಡದ ‘ಅದು’ ಅವರಿಗೆ ಹೊಸ ಕೋಣೆ. ಊರಿನ ಕನ್ನಡದ ಮಕ್ಕಳು ಇಂಥ ವಾಕ್ಯಕ್ಕೆ ನಕ್ಕಾಗ ನಾನು ಈಗ ಸುಮ್ಮನಿರುವುದಿಲ್ಲ. ಅವರಿಗೆ ‘ಗಾಡಿ ಆಯೋ’ ಎಂದು ಹೇಳಿಸುತ್ತೇನೆ, ತಾಂಡಾದ ಮಕ್ಕಳಿಗೆ ನಗುವ ಸರದಿ ಬರುತ್ತದೆ. ನಗು ಎರಡೂ ಕಡೆಯಿಂದ ಬಂದರೆ ಯಾರಿಗೂ ಗಾಯವಾಗುವುದಿಲ್ಲ. ಬಾಯಿ ಮುಚ್ಚಿಕೊಂಡು ಕೂತ ಮಗು ಬರೆಯುವುದನ್ನೂ ನಿಲ್ಲಿಸುತ್ತದೆ ಎಂಬುದನ್ನು ನಾನು ಬಹಳ ಸಲ ಕಂಡಿದ್ದೇನೆ. ತಪ್ಪಾಗುವ ಭಯಕ್ಕೆ ಎರಡೇ ಪದದ ವಾಕ್ಯ, ಅದೂ ಪುಸ್ತಕದಿಂದ ಎತ್ತಿದ್ದು. ವಹಿ ತುಂಬಾ ಸರಿ ಗುರುತುಗಳು, ಮಗುವಿನ ಸ್ವಂತದ ಒಂದು ಸಾಲೂ ಇರುವುದಿಲ್ಲ.

ದಖನಿಯ ಇಬ್ಬರು ಮಕ್ಕಳನ್ನು ನಾನು ಆರಂಭದಲ್ಲಿ ಮರೆತೇಬಿಟ್ಟಿದ್ದೆ. ಕಪ್ಪುಹಲಗೆಯ ಮೇಲೆ ‘ನೀರು’ ಮತ್ತು ‘ಪಾಣಿ’ ಇದ್ದಾಗ ಅವರಲ್ಲೊಬ್ಬಳು ‘ನಮ್ಮದು?’ ಎಂದು ಕೇಳಿದಳು. ‘ಹೇಳು’ ಎಂದೆ. ‘ಪಾನಿ’ ಎಂದಳು. ಮೂರನೆಯ ಸಾಲಿನಲ್ಲಿ ಅದನ್ನೂ ಬರೆದೆ. ಪಾಣಿ, ಪಾನಿ. ನ ಮತ್ತು ಣ ಎರಡರ ನಡುವಿನ ವ್ಯತ್ಯಾಸವನ್ನು ಹೇಗೆ ಕಲಿಸಲಿ ಎಂದು ನಾನು ಎಷ್ಟೋ ವರ್ಷ ಒದ್ದಾಡಿದ್ದೆ. ಅದು ನನ್ನ ಕೋಣೆಯಲ್ಲೇ, ಎರಡು ಮಕ್ಕಳ ನಾಲಿಗೆಯ ತುದಿಯಲ್ಲಿ ಕೂತಿತ್ತು. ಒಬ್ಬಳ ನಾಲಿಗೆ ಹಲ್ಲಿನ ಹತ್ತಿರ, ಇನ್ನೊಬ್ಬನ ನಾಲಿಗೆ ಮೇಲಕ್ಕೆ ಮಡಿಚಿ. ಮಕ್ಕಳು ಒಬ್ಬರ ಬಾಯಿಯನ್ನು ಒಬ್ಬರು ಇಣುಕಿ ನೋಡಿದರು. ಆ ದಿನದಿಂದ ಯಾರೂ ಬಾಣಕ್ಕೆ ‘ನ’ ಬರೆದಿಲ್ಲ. ಆ ಮೂರು ಸಾಲುಗಳನ್ನು ನಾನು ಅಳಿಸಲಿಲ್ಲ, ಹಲಗೆಯ ಮೂಲೆಯಲ್ಲಿ ಚೌಕ ಹಾಕಿ ಹಾಗೆಯೇ ಇಟ್ಟೆ.

ವಿರೋಧ ಬಂದದ್ದು ನಾನು ನೆನೆಸದ ಕಡೆಯಿಂದ. ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯ ಸಭೆಯಲ್ಲಿ ತಾಂಡಾದ ಹಿರಿಯರೊಬ್ಬರು ಎದ್ದು ನಿಂತರು. ‘ಅಕ್ಕೋರೆ, ನಮ್ಮ ಮಾತು ಮಕ್ಕಳಿಗೆ ಮನೆಯಲ್ಲಿ ಬಂದೇ ಬರುತ್ತದೆ. ಅದನ್ನು ಕಲಿಸಲು ನೀವೇಕೆ? ಕನ್ನಡ ಬರಲಿ ಎಂದು ನಾವು ಕಳಿಸುತ್ತೇವೆ. ಕನ್ನಡ ಬಾರದೆ ಕಚೇರಿಗಳಲ್ಲಿ ನಾವು ಪಟ್ಟ ಅವಮಾನ ಅವರಿಗೆ ಬೇಡ’ ಎಂದರು. ಅವರ ಮಾತಿನಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಸಂವಿಧಾನದ 350(ಎ) ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣ ಸಿಗಬೇಕೆನ್ನುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಸಾಧ್ಯವಾದಷ್ಟು ಮಟ್ಟಿಗೆ ಹಾಗೆ ಮಾಡಿ ಎನ್ನುತ್ತದೆ. ಆ ಹಿರಿಯರ ಎದುರು ಕಾಯ್ದೆಯ ಮಾತು ಎತ್ತಲು ನನಗೆ ಮನಸ್ಸಾಗಲಿಲ್ಲ. ಮೂರನೆಯ ತರಗತಿಯ ಹುಡುಗಿಯನ್ನು ಕರೆದು ಒಂದು ಚೀಟಿ ಕೊಟ್ಟೆ. ‘ಹೊರಗಿನ ಕೊಡದಿಂದ ಒಂದು ಲೋಟ ನೀರು ತಂದು, ಬಾಗಿಲ ಹತ್ತಿರ ಕೂತ ಅಜ್ಜನಿಗೆ ಕೊಡು’ ಎಂದಿತ್ತು. ಅವಳು ಮನಸ್ಸಿನಲ್ಲೇ ಓದಿಕೊಂಡು, ಹೊರಗೆ ಹೋಗಿ, ನೀರು ತಂದು ಅವರ ಕೈಗೆ ಕೊಟ್ಟಳು. ಅವರು ಕುಡಿದರು. ಒಪ್ಪಿದೆ ಎಂದೇನೂ ಹೇಳಲಿಲ್ಲ. ‘ಕನ್ನಡ ಮಾತ್ರ ಕಡಿಮೆ ಮಾಡಬೇಡಿ’ ಎಂದರು. ‘ಮಾಡುವುದಿಲ್ಲ’ ಎಂದು ಮಾತು ಕೊಟ್ಟೆ. ಆ ಮಾತಿಗಾಗಿಯೇ ಮಾತಿನ ಆಟದ ಇಪ್ಪತ್ತು ನಿಮಿಷವನ್ನು ಮೂವತ್ತು ಮಾಡಿದ್ದೇನೆ.

ಈ ದಾರಿಯ ಮಿತಿಗಳು ನನಗೆ ಗೊತ್ತು. ನನ್ನ ಗೋರ್‌ಮಾಟಿ ಮೂರು ವಹಿಗಳಷ್ಟು ಮಾತ್ರ. ಗಾದೆ ಬಂದರೆ, ಹಾಡು ಬಂದರೆ, ಜಗಳ ಬಂದರೆ ನಾನು ಅಡುಗೆಯವರನ್ನು ಕರೆಯಬೇಕು. ತಾಂಡಾದಲ್ಲೇ ಹುಟ್ಟಿ ಓದಿದ ಶಿಕ್ಷಕರು ಇಲ್ಲಿದ್ದರೆ ನಾನು ವರ್ಷದಲ್ಲಿ ಮಾಡುವುದನ್ನು ಅವರು ತಿಂಗಳಲ್ಲಿ ಮಾಡಿಯಾರು; ಅಂಥವರು ಇದ್ದಾರೆ, ಎಲ್ಲೋ ದೂರದ ಶಾಲೆಗಳಲ್ಲಿ ಪಾಠ ಮಾಡುತ್ತಿದ್ದಾರೆ. ಓದಲು ಕೊಡೋಣವೆಂದರೆ ನನ್ನ ಕೈಯಲ್ಲಿರುವುದು ಮಕ್ಕಳೇ ಹೇಳಿ ನಾನು ಬರೆದು ಹೊಲಿದ ಹನ್ನೊಂದು ಪುಟ್ಟ ಪುಸ್ತಕಗಳು ಮಾತ್ರ. ಅದಕ್ಕಿಂತ ದೊಡ್ಡದು ಗುಳೆ. ದೀಪಾವಳಿ ಮುಗಿಯುತ್ತಿದ್ದಂತೆ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಕುಟುಂಬಗಳು ಹೊರಡುತ್ತವೆ, ಅಜ್ಜ-ಅಜ್ಜಿ ಇಲ್ಲದ ಮನೆಯ ಮಕ್ಕಳು ಜೊತೆಯಲ್ಲೇ ಹೋಗುತ್ತಾರೆ. ಕಿವಿ ಕನ್ನಡಕ್ಕೆ ಹೊಂದಿಕೊಳ್ಳುವ ಹೊತ್ತಿಗೆ ಸರಿಯಾಗಿ ನಾಲ್ಕೈದು ತಿಂಗಳು ಕನ್ನಡವೇ ಕೇಳಿಸುವುದಿಲ್ಲ.

ಆ ವರ್ಷ ಹುಡುಗನೂ ಹೋದ. ಗೋವಾದಿಂದ ಬಂದ ಅಪ್ಪನೇ ಎಲ್ಲರನ್ನೂ ಕರೆದುಕೊಂಡು ಹೊರಟಿದ್ದರು. ಅವನ ಚೀಲದಲ್ಲಿ ಎರಡು ವಹಿ, ನಾಲ್ಕು ಪೆನ್ಸಿಲ್, ಹೊಲಿದ ಪುಸ್ತಕಗಳಲ್ಲಿ ಮೂರನ್ನು ಇಟ್ಟು ಕಳಿಸಿದೆ. ಮಾರ್ಚ್ ಕೊನೆಯ ವಾರದಲ್ಲಿ ಒಂದು ಬೆಳಗ್ಗೆ ಕೋಣೆಯ ಬಾಗಿಲಲ್ಲಿ ನೆರಳು ಬಿತ್ತು. ಬಿಸಿಲಿಗೆ ಕಪ್ಪಾಗಿದ್ದ, ಅಂಗೈಯಲ್ಲಿ ಕಬ್ಬಿನ ಎಲೆ ಕೊಯ್ದ ಗೀರುಗಳಿದ್ದವು. ನಾನು ‘ಆ’ ಎಂದೆ. ಒಳಗೆ ಬಂದ. ನೇರ ಕಪ್ಪುಹಲಗೆಯ ಮೂಲೆಯಲ್ಲಿದ್ದ ಚೌಕದ ಮುಂದೆ ಹೋಗಿ ನಿಂತು, ಮೂರು ಸಾಲನ್ನೂ ಒಂದೊಂದಾಗಿ ಓದಿದ. ‘ಅಕ್ಕೋರೆ, ಅಲ್ಲಿ ಮರಾಠಿಯವರೂ ಪಾಣಿ ಎಂದೇ ಅನ್ನುತ್ತಾರೆ’ ಎಂದ. ಸೀಮೆಸುಣ್ಣ ಕೊಟ್ಟೆ. ನಾಲ್ಕನೆಯ ಸಾಲಿನಲ್ಲಿ ಅವನೇ ಬರೆದ. ‘ಣ’ ಬರೆಯುವ ಮೊದಲು ನಾಲಿಗೆಯನ್ನು ಮೇಲಕ್ಕೆ ಮಡಿಚಿ ಒಮ್ಮೆ ಮೆಲ್ಲಗೆ ಹೇಳಿ ನೋಡಿಕೊಂಡ.